ಶುಕ್ರವಾರದ ‘ಶಬಾತ್ ಶಲೋಮ್’: ಇಸ್ರೇಲಿನ ಸಹೋದ್ಯೋಗಿಗೆ ಯಾವಾಗ ಹೇಳಬೇಕು, ಹೇಗೆ ಹೇಳಬೇಕು

ಡಿಸೆಂಬರ್ ತಿಂಗಳ ಒಂದು ಶುಕ್ರವಾರ, ರಾತ್ರಿ ಎಂಟೂಮುಕ್ಕಾಲು. ಬೆಂಗಳೂರಿನ ಮನೆಯಲ್ಲಿ ಕುಳಿತು ಜೆರುಸಲೇಮಿನ ಸಹೋದ್ಯೋಗಿಯೊಬ್ಬರಿಗೆ ಮೊಬೈಲಿನಲ್ಲಿ ಒಂದು ಸಾಲು ಕಳುಹಿಸಿದೆ: “ಶಬಾತ್ ಶಲೋಮ್! ಪರೀಕ್ಷೆಯ ವರದಿ ಕಳುಹಿಸಿದ್ದೇನೆ, ಬಿಡುವಾದಾಗ ನೋಡಿ ಒಪ್ಪಿಗೆ ಕೊಡಿ.” ಅವರ ಭಾಷೆಯಾದ ಹೀಬ್ರೂವಿನಲ್ಲೇ ಹಾರೈಸಿದೆನೆಂದು ನನಗೆ ಒಳಗೊಳಗೇ ಸಂತೋಷ. ಉತ್ತರ ಬಂದದ್ದು ಮರುದಿನ ರಾತ್ರಿ ಒಂಬತ್ತೂವರೆಗೆ. ‘ಶವೂಆ ತೋವ್’ ಎಂಬ ಎರಡೇ ಪದ, ಅದರ ಕೆಳಗೆ ವರದಿಯ ಬಗ್ಗೆ ಒಂದು ಚುಟುಕು ವಾಕ್ಯ. ಸೋಮವಾರ ಅದೇ ತಂಡದ ಇನ್ನೊಬ್ಬರು ನಗುತ್ತಾ ವಿವರಿಸಿದ ಮೇಲೆ ಗೊತ್ತಾಯಿತು, ಆ ಒಂದೇ ಸಾಲಿನಲ್ಲಿ ನಾನು ಎರಡು ತಪ್ಪು ಮಾಡಿದ್ದೆ. ಒಂದು, ನಾನು ಕಳುಹಿಸುವ ಹೊತ್ತಿಗೆ ಅಲ್ಲಿ ಯಹೂದಿಗಳ ವಾರದ ವಿರಾಮದ ದಿನವಾದ ಶಬಾತ್ ಆರಂಭವಾಗಿ ಒಂದು ಗಂಟೆಯ ಮೇಲಾಗಿತ್ತು. ಇನ್ನೊಂದು, ಹಾರೈಕೆಯ ಬಾಲಕ್ಕೆ ಕೆಲಸ ಕಟ್ಟಿದ್ದೆ. ಮೊದಲನೆಯದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎರಡನೆಯದು ಮಾತ್ರ ನಿಜವಾಗಿಯೂ ಕಿರಿಕಿರಿ ಮಾಡುತ್ತದೆ.

ನಮ್ಮಲ್ಲಿ ಹೊರಟು ನಿಂತವರನ್ನು ಹಿಂದಿನಿಂದ ಕೂಗಬಾರದು ಎನ್ನುತ್ತಾರಲ್ಲ, ಶಬಾತ್ ಶಲೋಮ್ ಹೆಚ್ಚುಕಡಿಮೆ ಅಂಥ ಹೊಸ್ತಿಲಿನ ಮಾತು. ವಾರ ಮುಗಿಯಿತು, ನೀವು ಹೊರಡಿ, ನಾವೂ ಹೊರಟೆವು ಎಂದು ಹೇಳುವ ಮಾತು. ಅದನ್ನು ಹೇಳಿದ ಮೇಲೆ ಮತ್ತೆ ಒಳಗೆ ಕರೆಯುವ ಹಾಗಿಲ್ಲ. ಮುಂದಿನ ಹೆಜ್ಜೆಗಳನ್ನೆಲ್ಲ ಇದರಿಂದಲೇ ಊಹಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಮಾತನ್ನು ನಾಲಿಗೆಗೆ ರೂಢಿ ಮಾಡಿಕೊಳ್ಳಿ

‘ಶಬಾತ್’ ಎಂದರೆ ವಾರದ ಏಳನೆಯ ದಿನ, ವಿರಾಮದ ದಿನ. ನಿಲ್ಲಿಸು, ಬಿಡು ಎಂಬ ಅರ್ಥದ ಧಾತುವಿನಿಂದ ಬಂದ ಪದ. ಕನ್ನಡ ಬೈಬಲಿನಲ್ಲಿ ‘ಸಬ್ಬತ್ ದಿನ’ ಎಂದು ಓದಿದವರಿಗೆ ಇದು ಹಳೆಯ ಪರಿಚಯ. ‘ಶಲೋಮ್’ ಎಂದರೆ ಶಾಂತಿ, ನೆಮ್ಮದಿ. ಅದರ ಧಾತುವಿನಲ್ಲಿ ಇಡಿಯಾಗಿರುವುದು, ಕೊರತೆಯಿಲ್ಲದಿರುವುದು ಎಂಬ ಅರ್ಥವೂ ಇದೆ. ಎರಡೂ ಸೇರಿ ‘ನೆಮ್ಮದಿಯ ಶಬಾತ್ ಆಗಲಿ’ ಎಂಬ ಹಾರೈಕೆ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಒಂದು ತೊಡಕೂ ಇದೆ. ಕೊನೆಯ ‘ತ್’ ನಮ್ಮ ತಕಾರಕ್ಕೆ ಹತ್ತಿರ. ಇಂಗ್ಲಿಷ್ ಅಕ್ಷರಗಳಲ್ಲಿ ಓದಿ ‘ಶಬ್ಬಾಟ್’ ಎನ್ನುವ ಅಗತ್ಯವಿಲ್ಲ. ಟಕಾರ ಬಿಟ್ಟರೆ ಅರ್ಧ ಗೆದ್ದಂತೆ. ತೊಡಕು ಒತ್ತಿನದು. ಎರಡೂ ಪದಗಳಲ್ಲಿ ದನಿ ಏರಬೇಕಾದದ್ದು ಎರಡನೆಯ ಭಾಗದಲ್ಲಿ: ಶ-ಬಾತ್, ಶ-ಲೋಮ್. ನಾವು ಅಭ್ಯಾಸಬಲದಿಂದ ‘ಶಾಲೋಮ್’ ಎಂದು ಮೊದಲಕ್ಷರವನ್ನು ಎಳೆಯುತ್ತೇವೆ. ಹಾಗೆ ಎಳೆದರೂ ಅವರಿಗೆ ತಿಳಿಯುತ್ತದೆ, ಆದರೆ ‘ಬೆಂಗಳೂರು’ ಎನ್ನುವ ಕಡೆ ‘ಬ್ಯಾಂಗಲೋರ್’ ಕೇಳಿದಂತೆ ಇರುತ್ತದೆ. ‘ಶ’ ಚಿಕ್ಕದಾಗಿರಲಿ, ‘ಬಾತ್’ ಮತ್ತು ‘ಲೋಮ್’ ಮೇಲೆ ಭಾರ ಬೀಳಲಿ.

ಹೀಬ್ರೂವಿನಲ್ಲಿ ಬಹುತೇಕ ಎಲ್ಲಕ್ಕೂ ಗಂಡು ಹೆಣ್ಣಿನ ಭೇದವಿದೆ. ‘ಹೇಗಿದ್ದೀಯಾ’ ಎಂದು ಕೇಳುವುದಕ್ಕೂ ಎದುರಿಗಿರುವವರು ಹೆಣ್ಣೋ ಗಂಡೋ ಎಂದು ಯೋಚಿಸಬೇಕು. ಶಬಾತ್ ಶಲೋಮ್ ಆ ತಾಪತ್ರಯದಿಂದ ಮುಕ್ತ. ಹೆಣ್ಣು, ಗಂಡು, ಹಿರಿಯರು, ಕಿರಿಯರು, ಮೇಲಧಿಕಾರಿ, ಕಾವಲುಗಾರ, ಎಲ್ಲರಿಗೂ ಅದೇ ಎರಡು ಪದ. ಇಡೀ ತಂಡಕ್ಕೆ ಹೇಳುವಾಗ ‘ಶಬಾತ್ ಶಲೋಮ್ ಲೆಖುಲಾಮ್’, ಎಲ್ಲರಿಗೂ ಶಬಾತ್ ಶಲೋಮ್, ಎಂದು ಒಂದು ಪದ ಸೇರಿಸಬಹುದು. ಅವರು ನಿಮಗೆ ಹೇಳಿದರೆ ಉತ್ತರವೂ ಅದೇ: ‘ಶಬಾತ್ ಶಲೋಮ್’. ಕೆಲವರು ‘ಶಬಾತ್ ಶಲೋಮ್ ಉಮೆವೊರಾಖ್’ ಎನ್ನುತ್ತಾರೆ, ನೆಮ್ಮದಿಯ, ಹರಸಿದ ಶಬಾತ್ ಎಂದು. ಅದನ್ನು ಕೇಳಿಸಿಕೊಂಡರೆ ಸಾಕು, ಹಿಂದಿರುಗಿಸಲೇಬೇಕೆಂದಿಲ್ಲ.

ಎರಡನೆಯ ಹೆಜ್ಜೆ: ಅವರ ವಾರ ಯಾವಾಗ ಮುಗಿಯುತ್ತದೆ ಎಂದು ತಿಳಿಯಿರಿ

ಇಸ್ರೇಲಿನ ಸಾಮಾನ್ಯ ಕಚೇರಿಗಳು ಭಾನುವಾರ ತೆರೆದು ಗುರುವಾರ ಮುಚ್ಚುತ್ತವೆ. ಶುಕ್ರವಾರ, ಶನಿವಾರ ರಜೆ. ಅಂಗಡಿಗಳು, ಬೇಕರಿಗಳು, ಮಾರುಕಟ್ಟೆಗಳು ಶುಕ್ರವಾರ ಮಧ್ಯಾಹ್ನದವರೆಗೆ ಗಿಜಿಗುಡುತ್ತವೆ. ಸಾಫ್ಟ್‌ವೇರ್ ಕಚೇರಿಗಳು ಮಾತ್ರ ಖಾಲಿ. ಹಾಗಾಗಿ ‘ಶುಕ್ರವಾರ ಸಹೋದ್ಯೋಗಿಗೆ ಶಬಾತ್ ಶಲೋಮ್ ಹೇಳುವುದು’ ಎಂಬ ಮಾತಿನಲ್ಲಿಯೇ ಸಣ್ಣ ಎಡವಟ್ಟಿದೆ. ಬೆಂಗಳೂರಿನಲ್ಲಿ ಶುಕ್ರವಾರ ಪೂರ್ತಿ ಕೆಲಸದ ದಿನ. ನಾವು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವಾಗ ಅವರು ಇನ್ನೂ ಹಾಸಿಗೆಯಲ್ಲಿರುತ್ತಾರೆ, ಅದೂ ರಜೆಯ ಹಾಸಿಗೆ.

ಆದ್ದರಿಂದ ವಾರದ ಕೊನೆಯ ಮಾತುಕತೆ ನಡೆಯುವುದು ಬಹುತೇಕ ಗುರುವಾರ. ಆಗ ಏನು ಹೇಳಬೇಕು? ಇಸ್ರೇಲಿನವರೇ ಗುರುವಾರ ಸಂಜೆ ಬೀಳ್ಕೊಡುವಾಗ ಎರಡು ಮಾತುಗಳನ್ನು ಬಳಸುತ್ತಾರೆ. ಒಂದು ಶಬಾತ್ ಶಲೋಮ್. ಇನ್ನೊಂದು ‘ಸೋಫ್ ಶವೂಆ ನಾಯೀಮ್’, ಅಂದರೆ ವಾರಾಂತ್ಯ ಚೆನ್ನಾಗಿ ಕಳೆಯಲಿ ಎಂದು. ಶನಿವಾರಕ್ಕೆ ಮುಂಚೆ ಮತ್ತೆ ಮಾತನಾಡುವ ಸಂಭವವಿಲ್ಲದಿದ್ದರೆ ಗುರುವಾರವೇ ಶಬಾತ್ ಶಲೋಮ್ ಹೇಳುವುದರಲ್ಲಿ ತಪ್ಪಿಲ್ಲ. ಮಧ್ಯಾಹ್ನದ ಸಭೆಯ ಕೊನೆಯಲ್ಲಾದರೆ ಸೋಫ್ ಶವೂಆ ನಾಯೀಮ್ ಹೆಚ್ಚು ಸಹಜವಾಗಿ ಕೇಳಿಸುತ್ತದೆ ಎಂದು ನನ್ನ ಅನಿಸಿಕೆ. ಬುಧವಾರ ಹೇಳಿದರೆ ಮಾತ್ರ ಬೇಗ ಓಡಿಸುತ್ತಿರುವಂತೆ ಕಾಣುತ್ತದೆ. ಆ ವ್ಯಕ್ತಿ ಮರುದಿನದಿಂದ ರಜೆಯಲ್ಲಿ ಹೋಗುತ್ತಿದ್ದರೆ ಅದು ಬೇರೆ ಮಾತು.

ಹೀಬ್ರೂವಿನಲ್ಲಿ ವಾರದ ದಿನಗಳಿಗೆ ಗ್ರಹಗಳ ಹೆಸರಿಲ್ಲ, ಎಣಿಕೆಯಿದೆ. ಭಾನುವಾರ ‘ಯೋಮ್ ರಿಶೋನ್’, ಮೊದಲ ದಿನ. ಶುಕ್ರವಾರ ‘ಯೋಮ್ ಶಿಶಿ’, ಆರನೆಯ ದಿನ. ಸ್ವಂತ ಹೆಸರಿರುವುದು ಶಬಾತ್‌ಗೆ ಮಾತ್ರ. ಉಳಿದ ಆರು ದಿನಗಳು ಅದರ ಕಡೆಗೆ ಎಣಿಸಿಕೊಂಡು ಹೋಗುತ್ತವೆ.

ಮೂರನೆಯ ಹೆಜ್ಜೆ: ಗಡಿಯಾರ ನೋಡಬೇಡಿ, ಸೂರ್ಯಾಸ್ತ ನೋಡಿ

ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಯಹೂದಿ ದಿನ ಆರಂಭವಾಗುವುದು ಸಂಜೆಗೆ. ಶುಕ್ರವಾರ ಸೂರ್ಯ ಮುಳುಗುವ ಮುನ್ನ ಮನೆಯಲ್ಲಿ ದೀಪ ಹಚ್ಚಿದಾಗ ಶಬಾತ್ ಒಳಬರುತ್ತದೆ, ಶನಿವಾರ ನಕ್ಷತ್ರ ಕಾಣುವ ಕತ್ತಲಾದಾಗ ಹೊರಹೋಗುತ್ತದೆ. ಸುಮಾರು ಇಪ್ಪತ್ತೈದು ಗಂಟೆ. ನಮ್ಮ ರಾಹುಕಾಲದ ಹಾಗೆ ಇದೂ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ದೀಪ ಹಚ್ಚುವ ಹೊತ್ತು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ. ಜೆರುಸಲೇಮಿನ ರೂಢಿಯಲ್ಲಿ 40 ನಿಮಿಷ ಮುಂಚೆ. ಜೆರುಸಲೇಮಿನಲ್ಲಿ ಆ ಹೊತ್ತಿಗೆ ಊರಿಗೆಲ್ಲ ಕೇಳುವಂತೆ ಸೈರನ್ ಮೊಳಗುತ್ತದೆ.

ಇನ್ನು ನಮ್ಮ ಗಡಿಯಾರಕ್ಕೆ ಹೊಂದಿಸಿಕೊಳ್ಳುವ ಲೆಕ್ಕ. ಚಳಿಗಾಲದಲ್ಲಿ ಭಾರತ ಇಸ್ರೇಲಿಗಿಂತ ಮೂರೂವರೆ ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಕೊಳ್ಳುವುದರಿಂದ ಅಂತರ ಎರಡೂವರೆ ಗಂಟೆಗೆ ಇಳಿಯುತ್ತದೆ. ಬದಲಾವಣೆ ಮಾರ್ಚ್ ಕೊನೆಯ ಭಾನುವಾರದ ಹಿಂದಿನ ಶುಕ್ರವಾರ ಆಗುತ್ತದೆ. ಮರಳುವುದು ಅಕ್ಟೋಬರ್ ಕೊನೆಯ ಭಾನುವಾರ.

ಡಿಸೆಂಬರ್ ನಡುವಿನಲ್ಲಿ ಜೆರುಸಲೇಮಿನಲ್ಲಿ ಸೂರ್ಯ ಮುಳುಗುವುದು ಸುಮಾರು 4:35ಕ್ಕೆ, ದೀಪ ಹಚ್ಚುವುದು 4 ಗಂಟೆಗೆ ಸ್ವಲ್ಪ ಮುಂಚೆ. ಅಂದರೆ ಬೆಂಗಳೂರಿನಲ್ಲಿ ರಾತ್ರಿ ಏಳೂವರೆ. ಈಗ ನನ್ನ ಎಂಟೂಮುಕ್ಕಾಲಿನ ಸಂದೇಶ ಎಷ್ಟು ತಡವಾಗಿತ್ತೆಂದು ನೀವೇ ಲೆಕ್ಕ ಹಾಕಿ. ಜೂನ್ ಕೊನೆಯಲ್ಲಿ ತೆಲ್ ಅವೀವ್‌ನಲ್ಲಿ ದೀಪ ಹಚ್ಚುವುದು ಸಂಜೆ ಏಳೂವರೆಯ ಆಸುಪಾಸಿಗೆ. ಆಗ ಇಲ್ಲಿ ರಾತ್ರಿ ಹತ್ತು. ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳುವ ಅಗತ್ಯವಿಲ್ಲ. `hebcal.com` ತಾಣದಲ್ಲಿ ಊರು ಆರಿಸಿದರೆ ಆ ವಾರದ ಹೊತ್ತು ಸಿಗುತ್ತದೆ. ವರ್ಷವಿಡೀ ನಡೆಯುವ ಒಂದು ಸುಲಭ ಸೂತ್ರ ಬೇಕೆಂದರೆ, ಶುಕ್ರವಾರ ನಮ್ಮ ಮಧ್ಯಾಹ್ನದ ಊಟ ಮುಗಿದ ಮೇಲೆ, ಎರಡು ಗಂಟೆಗೆ ಕಳುಹಿಸಿ. ಚಳಿಗಾಲದಲ್ಲಿ ಅಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ನಿದ್ದೆಯಿಂದ ಎದ್ದು ಕಾಫಿ ಮುಗಿದಿರುತ್ತದೆ, ಶಬಾತ್‌ನ ಅಡುಗೆ ಒಲೆಯ ಮೇಲಿರುತ್ತದೆ, ಹಾರೈಕೆಗಳು ಓಡಾಡುವ ಹೊತ್ತು ಅದೇ. ಅಲ್ಲಿನ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆ ಬೆಳಿಗ್ಗೆ ಹೂವು, ಮೇಣದಬತ್ತಿ, ಹೆಣೆದ ಬ್ರೆಡ್ಡಿನ ಚಿತ್ರಗಳ ಮಳೆ ಸುರಿಯುತ್ತದೆ. ನಮ್ಮ ‘ಶುಭೋದಯ’ದ ಗುಲಾಬಿ ಚಿತ್ರಗಳನ್ನು ನೋಡಿ ಬೇಸತ್ತವರಿಗೆ ಇದು ಸಮಾಧಾನದ ಸಂಗತಿ: ಈ ರೋಗ ನಮ್ಮೊಬ್ಬರದಲ್ಲ. ಸಹೋದ್ಯೋಗಿಗೆ ಚಿತ್ರ ಬೇಡ, ಎರಡು ಪದ ಸಾಕು.

ಹೀಬ್ರೂ ಮಾತನಾಡುವ ಸಹೋದ್ಯೋಗಿ ಬೆಂಗಳೂರಿಗೇ ಬಂದಿದ್ದರೆ ಇಲ್ಲಿನ ಸೂರ್ಯಾಸ್ತವೇ ಲೆಕ್ಕಕ್ಕೆ. ನಮ್ಮಲ್ಲಿ ಅದು ವರ್ಷವಿಡೀ ಸಂಜೆ 5:50 ಮತ್ತು 6:50ರ ನಡುವೆಯೇ ಇರುವುದರಿಂದ ದೊಡ್ಡ ಏರುಪೇರಿಲ್ಲ. ಆದರೆ ಆಚರಣೆ ಪಾಲಿಸುವವರು ಶಬಾತ್ ಬಂದ ಮೇಲೆ ವಾಹನ ಹತ್ತುವುದಿಲ್ಲ. ಶುಕ್ರವಾರ ಸಂಜೆಯ ಹೊರವರ್ತುಲ ರಸ್ತೆಯನ್ನು ಬಲ್ಲವರು ಅಂಥವರನ್ನು ಮೂರು ಗಂಟೆಗೇ ಕಚೇರಿಯಿಂದ ಹೊರಡಿಸುತ್ತಾರೆ. ಮೂರು ಗಂಟೆಗೆ ಲಿಫ್ಟಿನ ಬಳಿ ನಿಂತು ಹೇಳುವ ಶಬಾತ್ ಶಲೋಮ್‌ಗಿಂತ ಸರಿಯಾದ ಸಂದರ್ಭ ಇನ್ನೊಂದಿಲ್ಲ.

ನಾಲ್ಕನೆಯ ಹೆಜ್ಜೆ: ಎದುರಿಗಿರುವವರು ಯಾರು?

ಹೀಬ್ರೂ ಮಾತನಾಡುವವರೆಲ್ಲ ಧಾರ್ಮಿಕರಲ್ಲ, ಎಲ್ಲರೂ ಯಹೂದಿಗಳೂ ಅಲ್ಲ. ಮೊದಲನೆಯದು ಚಿಂತೆಯ ವಿಷಯವಲ್ಲ. ಶನಿವಾರ ಕಡಲತೀರಕ್ಕೆ ಕಾರು ಓಡಿಸಿಕೊಂಡು ಹೋಗುವ, ದೇವರ ಗೊಡವೆಯೇ ಇಲ್ಲದ ತೆಲ್ ಅವೀವ್‌ನವರೂ ಶುಕ್ರವಾರ ತರಕಾರಿಯವನಿಗೆ, ಪಕ್ಕದ ಮನೆಯವರಿಗೆ, ಬಸ್ ಚಾಲಕನಿಗೆ ಶಬಾತ್ ಶಲೋಮ್ ಹೇಳುತ್ತಾರೆ. ದೇವಸ್ಥಾನದ ಮೆಟ್ಟಿಲು ಹತ್ತದವರೂ ಯುಗಾದಿಗೆ ಶುಭಾಶಯ ಹೇಳುವಂತೆ. ನೀವು ಯಹೂದಿಯಲ್ಲದಿದ್ದರೂ ಹೇಳಬಹುದು. ಹೇಳಿದ ಮಾತ್ರಕ್ಕೆ ನೀವು ಶಬಾತ್ ಆಚರಿಸುತ್ತೀರಿ ಎಂದು ಯಾರೂ ಭಾವಿಸುವುದಿಲ್ಲ.

ಎರಡನೆಯದರಲ್ಲಿ ತುಸು ಎಚ್ಚರ ಬೇಕು. ಇಸ್ರೇಲಿನ ಪ್ರಜೆಗಳಲ್ಲಿ ಸುಮಾರು ಐದರಲ್ಲೊಬ್ಬರು ಅರಬರು: ಮುಸ್ಲಿಮರು, ಕ್ರೈಸ್ತರು, ದ್ರೂಜರು. ಅವರಲ್ಲಿ ಬಹಳಷ್ಟು ಮಂದಿ ಕಚೇರಿಯಲ್ಲಿ ನಿರರ್ಗಳ ಹೀಬ್ರೂ ಮಾತನಾಡುತ್ತಾರೆ, ಯಹೂದಿ ಸಹೋದ್ಯೋಗಿಗಳಿಗೆ ತಾವೇ ಶಬಾತ್ ಶಲೋಮ್ ಹೇಳುತ್ತಾರೆ. ಆದರೆ ಬೆಂಗಳೂರಿನಿಂದ ನೀವು ಅವರಿಗೆ ಪ್ರತ್ಯೇಕವಾಗಿ ಅದನ್ನೇ ಕಳುಹಿಸಿದರೆ, ನಿಮಗೆ ಅವರ ಪರಿಚಯ ಎಷ್ಟಿದೆ ಎಂಬುದು ಬಯಲಾಗುತ್ತದೆ. ಅಂಥಲ್ಲಿ ಸೋಫ್ ಶವೂಆ ನಾಯೀಮ್ ಸರಿಯಾದ ಮಾತು. ಅದಕ್ಕೆ ಧರ್ಮದ ನಂಟಿಲ್ಲ.

ಯಾರು ಯಾರೆಂದು ಹೆಸರು ನೋಡಿ ಊಹಿಸಲು ಹೋಗಬೇಡಿ. ಎರಡು ಮೂರು ಗುರುವಾರ ಸುಮ್ಮನೆ ಕೇಳಿಸಿಕೊಳ್ಳಿ. ಸಭೆ ಮುಗಿಯುವ ಆ ಅರ್ಧ ನಿಮಿಷದಲ್ಲಿ ತಂಡದವರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ, ಯಾರು ಶಬಾತ್ ಶಲೋಮ್ ಎನ್ನುತ್ತಾರೆ, ಯಾರು ಬರೀ ಕೈಬೀಸಿ ‘ಬಾಯ್’ ಎನ್ನುತ್ತಾರೆ ಎಂಬುದರಲ್ಲೇ ಉತ್ತರವಿದೆ. ಗುಂಪಿನಲ್ಲಿ ಎಲ್ಲ ಬಗೆಯವರೂ ಇದ್ದರೆ ಗುಂಪಿಗೆ ಸೋಫ್ ಶವೂಆ ನಾಯೀಮ್ ಹೇಳಿ, ಶಬಾತ್ ಶಲೋಮ್ ಅನ್ನು ಪರಿಚಿತರಿಗೆ ಪ್ರತ್ಯೇಕವಾಗಿ ಉಳಿಸಿಕೊಳ್ಳಿ.

ಶಬಾತ್ ಕಟ್ಟುನಿಟ್ಟಾಗಿ ಪಾಲಿಸುವವರು ಆ ಇಪ್ಪತ್ತೈದು ಗಂಟೆ ಮೊಬೈಲ್ ಮುಟ್ಟುವುದಿಲ್ಲ, ಬರೆಯುವುದಿಲ್ಲ, ವಿದ್ಯುತ್ ಗುಂಡಿ ಒತ್ತುವುದಿಲ್ಲ. ತಡವಾಗಿ ಕಳುಹಿಸಿದ ಸಂದೇಶ ಅವರಿಗೆ ಅವಮಾನವಲ್ಲ, ಅದು ಸುಮ್ಮನೆ ಕಾಯುತ್ತದೆ. ಕರೆ ಮಾಡುವುದು ಮಾತ್ರ ಬೇಡ. ಅಂಥ ಮನೆಯಲ್ಲಿ ಶಬಾತ್ ದಿನ ಫೋನ್ ಬಿಡದೆ ರಿಂಗಾದರೆ ಏನೋ ಅನಾಹುತವಾಗಿದೆ ಎಂದು ಎದೆ ನಡುಗುತ್ತದೆ. ಹಾರೈಸುವುದಕ್ಕೆಂದು ಯಾರನ್ನೂ ಹಾಗೆ ನಡುಗಿಸಬಾರದು. ಮುಖತಃ ಭೇಟಿಯಾದಾಗ ಇನ್ನೊಂದು ವಿಷಯ: ಸಂಪ್ರದಾಯಸ್ಥರಲ್ಲಿ ಕೆಲವರು ಅನ್ಯ ಲಿಂಗದವರ ಕೈಕುಲುಕುವುದಿಲ್ಲ. ನಾವು ಕೈಜೋಡಿಸಿ ಹೇಳಿಬಿಟ್ಟರೆ ಇಬ್ಬರಿಗೂ ಮುಜುಗರವಿಲ್ಲ.

ಐದನೆಯ ಹೆಜ್ಜೆ: ಬರೆದು ಕಳುಹಿಸುವಾಗ

ಇಂಗ್ಲಿಷ್ ಅಕ್ಷರಗಳಲ್ಲಿ `Shabbat Shalom` ಎಂದು ಬರೆದರೆ ಧಾರಾಳವಾಯಿತು. ಅವರ ಲಿಪಿಯಲ್ಲೇ ಬರೆಯಬೇಕೆಂಬ ಆಸೆಯಿದ್ದರೆ ಇದು:

```
שבת שלום
```

ಬಲದಿಂದ ಎಡಕ್ಕೆ ಓದಬೇಕು. ಮೊದಲ ಪದದಲ್ಲಿ ಮೂರೇ ಅಕ್ಷರ: ಶಿನ್, ಬೆತ್, ತಾವ್. ನಡುವಿನ ಸ್ವರಗಳನ್ನು ಬರೆಯುವುದಿಲ್ಲ. ಕಾಗುಣಿತ ಬಿಟ್ಟು ‘ಶ ಬ ತ’ ಎಂದಷ್ಟೇ ಬರೆದು, ಓದುವವರು ‘ಶಬಾತ್’ ಎಂದು ಓದಿಕೊಳ್ಳುವ ಹಾಗೆ. ಎರಡನೆಯ ಪದ ಶಿನ್, ಲಾಮೆದ್, ವಾವ್, ಮೆಮ್.

ಎಡವುವ ಜಾಗ ಎರಡಿವೆ. ಹೀಬ್ರೂವಿನಲ್ಲಿ ತಕಾರದ ದನಿಗೆ ಎರಡು ಅಕ್ಷರಗಳಿವೆ, ತಾವ್ ಮತ್ತು ತೆತ್. ಈಗಿನ ಮಾತಿನಲ್ಲಿ ಎರಡೂ ಒಂದೇ ದನಿ, ಬರಹದಲ್ಲಿ ಬೇರೆ. ಕೀಲಿಮಣೆಯಲ್ಲಿ ಹುಡುಕಿ ಒತ್ತುವಾಗ ತಾವ್ ಬದಲು ತೆತ್ ಬಿದ್ದರೆ ಶಬಾತ್ ಹೋಗಿ ‘ಶೇವೆತ್’, ಬುಡಕಟ್ಟು ಎಂಬ ಪದವಾಗುತ್ತದೆ. ಇನ್ನೊಂದು, ಮೆಮ್ ಪದದ ಕೊನೆಯಲ್ಲಿ ಬಂದಾಗ ಅದರ ರೂಪ ಬದಲಾಗಿ ಮುಚ್ಚಿದ ಚೌಕದಂತಾಗುತ್ತದೆ. ನಡುವೆ ಬರುವ ರೂಪವನ್ನೇ ಕೊನೆಗೂ ಹಾಕಿದರೆ ಒಂದನೆಯ ತರಗತಿಯ ಮಗು ಬರೆದಂತೆ ಕಾಣುತ್ತದೆ. ಕೀಲಿಮಣೆಯ ಸಹವಾಸವೇ ಬೇಡವೆನಿಸಿದರೆ ಮೇಲಿನದನ್ನು ನಕಲು ಮಾಡಿ ಅಂಟಿಸಿ.

ಅಂಟಿಸುವಾಗ ಹೀಬ್ರೂ ಪದಗಳನ್ನು ಪ್ರತ್ಯೇಕ ಸಾಲಿನಲ್ಲಿಡಿ. ಇಂಗ್ಲಿಷ್ ವಾಕ್ಯದ ನಡುವೆ ತುರುಕಿದರೆ ಎಡ ಬಲಗಳು ಜಗಳವಾಡುತ್ತವೆ. ಕೊನೆಯಲ್ಲಿ ಹಾಕಿದ ಆಶ್ಚರ್ಯಚಿಹ್ನೆ ಪರದೆಯ ಮೇಲೆ ಎಲ್ಲೋ ಹೋಗಿ ಕೂರುತ್ತದೆ, ಓದುವವರಿಗೆ ವಾಕ್ಯ ಶುರುವಾಗುವುದಕ್ಕೆ ಮುಂಚೆಯೇ ಆಶ್ಚರ್ಯ. ಗುಂಪಿಗೆ ಕಳುಹಿಸಲು, ಮತ್ತು ಗುರುವಾರಕ್ಕೆ:

```
שבת שלום לכולם
סוף שבוע נעים
```

ಆರನೆಯ ಹೆಜ್ಜೆ: ಕೆಲಸವನ್ನು ಮೊದಲೇ ಮುಗಿಸಿ

ನನಗೆ ತಡವಾಗಿ ತಿಳಿದ ಪಾಠ ಇದು. ಅಂಥದೇ ಡಿಸೆಂಬರ್ ವಾರದಲ್ಲಿ ಈಗ ನಾನು ಹೇಗೆ ನಡೆದುಕೊಳ್ಳುತ್ತೇನೆ ಎಂದು ಹೇಳಿಬಿಡುತ್ತೇನೆ.

ಗುರುವಾರ ಸಂಜೆ ಐದೂವರೆಗೆ ನಮ್ಮ ಸಭೆ. ಅಲ್ಲಿ ಮಧ್ಯಾಹ್ನ ಎರಡು ಗಂಟೆ. ಒಪ್ಪಿಗೆ ಬೇಕಾದ ವರದಿಯನ್ನು ಅಂದು ಬೆಳಿಗ್ಗೆಯೇ ಕಳುಹಿಸಿರುತ್ತೇನೆ, ಸಭೆಯಲ್ಲಿ ಬಾಯಿಬಿಟ್ಟು ಕೇಳುತ್ತೇನೆ: “ಇದನ್ನು ನೀವು ಇಂದು ನೋಡುತ್ತೀರೋ ಭಾನುವಾರವೋ?” ಇಸ್ರೇಲಿನವರು ನೇರ ಮಾತಿನವರು. “ಇಂದು ಆಗುವುದಿಲ್ಲ, ಭಾನುವಾರ” ಎಂದರೆ ಅದೇ ಅಂತಿಮ. ನಾವು ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ಸಭೆ ಮುಗಿಯುವಾಗ ಸೋಫ್ ಶವೂಆ ನಾಯೀಮ್. ರಾತ್ರಿ ಎಂಟರೊಳಗೆ, ಅಂದರೆ ಅಲ್ಲಿ ನಾಲ್ಕೂವರೆಗೆ, ಆ ವಾರದ ಕೊನೆಯ ಪ್ರಶ್ನೆ ನನ್ನ ಕಡೆಯಿಂದ ಹೋಗಿರುತ್ತದೆ.

ಶುಕ್ರವಾರ ನಮ್ಮ ಕಚೇರಿ ನಡೆಯುತ್ತಲೇ ಇರುತ್ತದೆ, ಹೊಸ ಪ್ರಶ್ನೆಗಳೂ ಹುಟ್ಟುತ್ತವೆ. ಅವನ್ನು ಬರೆದಿಟ್ಟು, ನಿಗದಿತ ಹೊತ್ತಿಗೆ ಹೋಗುವಂತೆ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ ಗೊತ್ತುಮಾಡುತ್ತೇನೆ. ಅಲ್ಲಿ ಬೆಳಿಗ್ಗೆ ಒಂಬತ್ತು, ಅವರು ಮೇಜಿಗೆ ಬರುವ ಹೊತ್ತು. ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕಳುಹಿಸುವ ಸಂದೇಶದಲ್ಲಿ ಶಬಾತ್ ಶಲೋಮ್ ಬಿಟ್ಟು ಬೇರೇನೂ ಇರುವುದಿಲ್ಲ. ‘ಅಂದಹಾಗೆ’ ಇಲ್ಲ, ‘ಬಿಡುವಾದಾಗ’ ಇಲ್ಲ. ಬಿಡುವಾದಾಗ ಎಂಬ ಪದವನ್ನು ರಜೆಯ ದಿನ ಕಳುಹಿಸಿದರೆ ಅದಕ್ಕಿರುವ ಅರ್ಥ ಒಂದೇ: ಈಗಲೇ.

ಹಾಗೆಂದು ಬೆಂಕಿ ಬಿದ್ದಾಗಲೂ ಕಾಯಬೇಕೆಂದಲ್ಲ. ಗ್ರಾಹಕರ ವ್ಯವಸ್ಥೆ ಶುಕ್ರವಾರ ರಾತ್ರಿ ಕುಸಿದರೆ, ಆ ವಾರದ ಪಾಳಿಯಲ್ಲಿರುವವರನ್ನೇ ಕರೆಯಬೇಕು. ನಾನು ಕಂಡ ತಂಡಗಳಲ್ಲಿ ಆಚರಣೆ ಪಾಲಿಸುವವರನ್ನು ಬಿಟ್ಟು ಪಾಳಿ ಹಾಕಿಕೊಳ್ಳುತ್ತಾರೆ. ಗುರುವಾರವೇ ಆ ಹೆಸರು ಕೇಳಿಟ್ಟುಕೊಳ್ಳುವುದು ಮೇಲು. ಅಂಥ ಕರೆಯಲ್ಲಿ ಮೊದಲು ವಿಷಯಕ್ಕೆ ಬನ್ನಿ. ವ್ಯವಸ್ಥೆ ಮತ್ತೆ ಏಳುವ ಮುನ್ನ ಶಬಾತ್ ಶಲೋಮ್ ಎಂದರೆ ಗಾಯಕ್ಕೆ ಉಪ್ಪು ಸವರಿದಂತೆ. ಎಲ್ಲ ಸರಿಹೋದ ಮೇಲೆ, ಫೋನ್ ಇಡುವಾಗ ಹೇಳಿ.

ಏಳನೆಯ ಹೆಜ್ಜೆ: ಬೇರೆ ಮಾತು ಬೇಕಾದ ವಾರಗಳು

ಹಬ್ಬದ ದಿನದ ಹಾರೈಕೆ ‘ಖಗ್ ಸಮೇಯಖ್’, ಸಂತೋಷದ ಹಬ್ಬವಾಗಲಿ ಎಂದು. ಹಬ್ಬವೂ ಶಬಾತೂ ಕೂಡಿ ಬಂದರೆ ‘ಶಬಾತ್ ಶಲೋಮ್ ವೆಖಗ್ ಸಮೇಯಖ್’ ಎಂದು ಎರಡನ್ನೂ ಜೋಡಿಸುತ್ತಾರೆ. ಯೋಮ್ ಕಿಪ್ಪುರ್ ಉಪವಾಸ ಕೆಲವು ವರ್ಷ ಶನಿವಾರವೇ ಬೀಳುತ್ತದೆ. ಅದು ಸಂಭ್ರಮದ ದಿನವಲ್ಲ, ಅಲ್ಲಿ ಸಮೇಯಖ್ ಬೇಡ. ‘ಗ್ಮಾರ್ ಖತೀಮಾ ತೋವಾ’ ಎಂಬುದು ಆ ದಿನದ ಮಾತು.

ಸಹೋದ್ಯೋಗಿಯ ಮನೆಯಲ್ಲಿ ಸಾವಾಗಿದ್ದರೆ ಏಳು ದಿನ ‘ಶಿವಾ’ ಕೂರುತ್ತಾರೆ. ಆ ದಿನಗಳಲ್ಲಿ ದುಃಖದಲ್ಲಿರುವವರಿಗೆ ಎಂದಿನ ಕುಶಲದ ಮಾತು ಹೇಳುವುದಿಲ್ಲ, ನಮ್ಮಲ್ಲಿ ಸೂತಕದ ಮನೆಗೆ ಹೋದಾಗ ‘ಹೋಗಿ ಬರುತ್ತೇನೆ’ ಎನ್ನದಿರುವಂತೆ. ನಡುವೆ ಬರುವ ಶಬಾತ್ ದಿನ ಹಾರೈಸಬಹುದೇ ಎಂಬುದರಲ್ಲಿ ಅವರೊಳಗೇ ಬೇರೆ ಬೇರೆ ರೂಢಿಗಳಿವೆ. ನಾವು ಹೊರಗಿನವರು ಆ ವಾರ ಸಂತಾಪದ ಮಾತಿಗೆ ನಿಂತರೆ ಸಾಕು: ಗಂಡಸು ಗಂಡಸಿಗೆ ‘ಮಿಶ್ತತೇಫ್ ಬೆತ್ಸಾರ್ಖಾ’ ಎನ್ನುತ್ತಾನೆ, ನಿನ್ನ ದುಃಖದಲ್ಲಿ ಪಾಲುದಾರ ಎಂದು. ಇಲ್ಲಿ ಗಂಡು ಹೆಣ್ಣಿನ ರೂಪಭೇದ ಮತ್ತೆ ಬರುವುದರಿಂದ ಇಂಗ್ಲಿಷಿನಲ್ಲೇ ಎರಡು ಸಾಲು ಬರೆಯುವುದು ಕ್ಷೇಮ.

ಯುದ್ಧದ, ಸೈರನ್ನಿನ ವಾರಗಳಲ್ಲಿ ಅವರು ತಮ್ಮೊಳಗೆ ‘ಶಬಾತ್ ಶ್ಕೆತಾ’ ಎನ್ನುವುದನ್ನು ಕೇಳುತ್ತೀರಿ, ಸದ್ದಿಲ್ಲದ ಶಬಾತ್ ಆಗಲಿ ಎಂದು. ಹಮಾಸ್ ದಾಳಿ ನಡೆದ 2023ರ ಅಕ್ಟೋಬರ್ 7 ಒಂದು ಶಬಾತ್ ಬೆಳಿಗ್ಗೆಯೇ ಆಗಿತ್ತು. ಅಂಥ ದಿನಗಳಲ್ಲಿ ಹಾರೈಕೆಯ ಜೊತೆಗೆ ರಾಜಕೀಯ ಅಭಿಪ್ರಾಯ ಬೆರೆಸದಿರುವುದು ಎಷ್ಟು ಮುಖ್ಯವೋ, ಹೂಗುಚ್ಛದ ಚಿಹ್ನೆಗಳನ್ನು ಬಿಡುವುದೂ ಅಷ್ಟೇ ಮುಖ್ಯ. ಎರಡು ಪದ ಬರೆದು ನಿಲ್ಲಿಸಿ.

ಶನಿವಾರ ಕತ್ತಲಾದ ಮೇಲೆ

ಶಬಾತ್ ಹೊರಹೋದ ಕ್ಷಣದಿಂದ ಶಬಾತ್ ಶಲೋಮ್ ಹಳತಾಗುತ್ತದೆ. ಆಗ ಬರುವುದೇ ನನ್ನ ಸಹೋದ್ಯೋಗಿ ಬರೆದ ‘ಶವೂಆ ತೋವ್’, ಒಳ್ಳೆಯ ವಾರವಾಗಲಿ.

```
שבוע טוב
```

ಇದರ ‘ತೋವ್’ನಲ್ಲಿರುವುದು ತೆತ್, ತಾವ್ ಅಲ್ಲ, ಶಬಾತ್‌ನಲ್ಲಿ ಕಾಡಿದ ಆ ಇನ್ನೊಂದು ಅಕ್ಷರ ಇಲ್ಲಿ ಸರಿಯಾದ ಜಾಗದಲ್ಲಿದೆ. ಶನಿವಾರ ರಾತ್ರಿ ಮತ್ತು ಭಾನುವಾರ ಇದು ಎಲ್ಲೆಲ್ಲೂ ಕೇಳುತ್ತದೆ. ತೊಂದರೆಯೆಂದರೆ, ಅವರು ಭಾನುವಾರ ಬೆಳಿಗ್ಗೆ ಹೊಸ ಉತ್ಸಾಹದಿಂದ ಶವೂಆ ತೋವ್ ಎಂದು ಬರೆದು ಅದರ ಕೆಳಗೆ ಐದು ಪ್ರಶ್ನೆ ಕಳುಹಿಸುವಾಗ ನಾವು ಮಲ್ಲೇಶ್ವರದಲ್ಲಿ ದೋಸೆಗೆ ಸರದಿ ನಿಂತಿರುತ್ತೇವೆ. ಆ ಹಾರೈಕೆಗೆ ಸೋಮವಾರ ಬೆಳಿಗ್ಗೆ ಉತ್ತರಿಸಿದರೂ ನಡೆಯುತ್ತದೆ. ನಾನು ಶವೂಆ ತೋವ್ ಎಂದೇ ಉತ್ತರ ಆರಂಭಿಸುತ್ತೇನೆ. ಕಳೆದ ಕೆಲವು ತಿಂಗಳಿಂದ ಜೆರುಸಲೇಮಿನ ಆ ಸಹೋದ್ಯೋಗಿ ತಮ್ಮ ಭಾನುವಾರದ ಪ್ರಶ್ನೆಗಳನ್ನು ಸೋಮವಾರ ನಮ್ಮ ಬೆಳಿಗ್ಗೆ ಹತ್ತಕ್ಕೆ ಬರುವಂತೆ ಗೊತ್ತುಮಾಡಿ ಕಳುಹಿಸುತ್ತಿದ್ದಾರೆ.